ಸ್ಕ್ಯಾನ್ ಆದ ವಿಜ್ಞಾನ ಪಾಠವನ್ನು ಸ್ಕ್ರೀನ್ ರೀಡರ್ ಓದುವಂತೆ ಮಾಡಿದ್ದು

ಸ್ಕ್ಯಾನ್ ಮಾಡಿದ ಪಿಡಿಎಫ್ ಅಂದರೆ ಪುಟಗಳ ಫೋಟೋ ಅಷ್ಟೇ. ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅದರಲ್ಲಿ ಓದಲು ಅಕ್ಷರವೇ ಇರುವುದಿಲ್ಲ. ಚಿತ್ರದಲ್ಲಿನ ಅಕ್ಷರ ಗುರುತಿಸುವ ಓಸಿಆರ್ ಮಾಡಿದರೆ ಅಕ್ಷರವೇನೋ ಬರುತ್ತದೆ. ಆದರೆ ಕನ್ನಡದಲ್ಲಿ ನಿಜವಾದ ಕೆಲಸ ಶುರುವಾಗುವುದೇ ಅಲ್ಲಿಂದ. ಇತ್ತೀಚೆಗೆ ಕಣ್ಣು ಕಾಣದ ಮಕ್ಕಳಿಗಾಗಿ ಬೆಳಕಿನ ವಕ್ರೀಭವನದ ಪಾಠವೊಂದನ್ನು ಹೀಗೆ ಸಿದ್ಧ ಮಾಡಿಕೊಟ್ಟೆ. ಚಿತ್ರ, ಕೋಷ್ಟಕ, ಸೂತ್ರ ಮೂರೂ ಇದ್ದ ಪಾಠ. ನಾನು ಮಾಡಿದ ರೀತಿ ಹೀಗಿದೆ.

ಮೊದಲು ಪಿಡಿಎಫ್ ಪುಟಗಳನ್ನು 300 ಡಿಪಿಐ ಬೂದು ಚಿತ್ರಗಳಾಗಿ ತೆಗೆದು, ಟೆಸರಾಕ್ಟ್ ಎಂಬ ಓಸಿಆರ್ ತಂತ್ರಾಂಶಕ್ಕೆ ಕೊಟ್ಟೆ:

```
pdftoppm -r 300 -gray -png patha.pdf puta
tesseract puta-01.png puta-01 -l kan+eng --psm 3
```

ಪುಟ ಓರೆಯಾಗಿದ್ದರೆ ಮೊದಲೇ ನೇರ ಮಾಡಿಕೊಳ್ಳಬೇಕು. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಪುಟ ಸ್ವಲ್ಪ ವಾಲಿದರೂ ಒತ್ತು ಕೆಳಗಿನ ಸಾಲಿಗೆ ಸೇರಿಹೋಗುತ್ತದೆ, ಇಲ್ಲವೇ ಮಾಯವಾಗುತ್ತದೆ. "ವಕ್ರೀಭವನ" ಎಂಬುದು "ವಕೀಭವನ" ಆಗಿ ಬಂದರೆ ಮೊದಲು ಸ್ಕ್ಯಾನನ್ನೇ ಅನುಮಾನಿಸಿ. ಒಂದೇ ಪುಟದಲ್ಲಿ ಒತ್ತುಗಳು ಪದೇ ಪದೇ ತಪ್ಪಿದ್ದರೆ, ಕೈಯಲ್ಲಿ ತಿದ್ದುವುದಕ್ಕಿಂತ ಆ ಪುಟವನ್ನು ಮತ್ತೆ ಸ್ಕ್ಯಾನ್ ಮಾಡುವುದೇ ಬೇಗ ಮುಗಿಯುವ ದಾರಿ.

ಇಂಥ ತಪ್ಪು ಕಣ್ಣಿಗಾದರೂ ಕಾಣುತ್ತದೆ. ನನಗೆ ಜಾಸ್ತಿ ಚಿಂತೆ ಇದ್ದದ್ದು ಕಣ್ಣಿಗೆ ಕಾಣದ ತಪ್ಪುಗಳದ್ದು. ಕನ್ನಡದ ಸೊನ್ನೆ ಅಂಕಿ ಮತ್ತು ಅನುಸ್ವಾರ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ. ಒಂಬತ್ತರ ಅಂಕಿ ಮತ್ತು ಅರ್ಕಾವತ್ತು ಕೂಡ ಹಾಗೆಯೇ. ಓಸಿಆರ್ ಒಂದರ ಬದಲು ಇನ್ನೊಂದನ್ನು ಹಾಕುತ್ತದೆ. ಕಣ್ಣಿರುವವರು "ದಪ೯ಣ" ಎಂಬುದನ್ನು ಒಂದು ಕ್ಷಣವೂ ನಿಲ್ಲದೆ "ದರ್ಪಣ" ಎಂದೇ ಓದಿಕೊಂಡು ಮುಂದೆ ಹೋಗುತ್ತಾರೆ. ಸ್ಕ್ರೀನ್ ರೀಡರ್ ಮಾತ್ರ "ದಪ, ಒಂಬತ್ತು, ಣ" ಅನ್ನುತ್ತದೆ. "ಬಿ೦ಬ" ಎಂಬಲ್ಲಿ ನಡುವೆ ಸೊನ್ನೆ ಕೇಳುತ್ತದೆ. ವಿಜ್ಞಾನದ ಪಾಠದಲ್ಲಿ ಅಂಕಿಗಳು ಹೇಗೂ ಇರುತ್ತವೆ. ಹಾಗಾಗಿ ಕೇಳುವ ಮಕ್ಕಳಿಗೆ ಇದು ತಪ್ಪೋ, ಪಾಠದಲ್ಲೇ ಇರುವ ಅಂಕಿಯೋ ತಿಳಿಯುವುದಿಲ್ಲ.

ಸೊನ್ನೆಯನ್ನು ಇದ್ದಲ್ಲೇ ಬದಲಿಸಬಹುದು. ಒಂಬತ್ತನ್ನು ಹಾಗೆ ಮಾಡಲಾಗದು. ಅರ್ಕಾವತ್ತು ಬರೆಯುವಾಗ ಅಕ್ಷರದ ನಂತರ ಬರುತ್ತದೆ, ಆದರೆ ಯೂನಿಕೋಡ್‌ನಲ್ಲಿ "ರ್" ಅದಕ್ಕಿಂತ ಮೊದಲೇ ಇರಬೇಕು. ಅಂದರೆ ಅಂಕಿಯನ್ನು ತೆಗೆದು, ಅದರ ಹಿಂದಿನ ಇಡೀ ಅಕ್ಷರದ ಮುಂದೆ "ರ್" ಕೂರಿಸಬೇಕು. ಎಲ್ಲ ಪುಟಗಳ ಪಠ್ಯವನ್ನು patha.txt ಎಂಬ ಒಂದೇ ಕಡತಕ್ಕೆ ಸೇರಿಸಿಕೊಂಡ ಮೇಲೆ, ಅದಕ್ಕೆ ಪೈಥಾನ್‌ನಲ್ಲಿ ಇಷ್ಟು ಸಾಕಾಯಿತು:

```python
import re
t = open("patha.txt", encoding="utf-8").read()
t = re.sub(r'(?<=[\u0C85-\u0CCD])[0oO\u0CE6]',
           '\u0C82', t)
t = re.sub(r'([\u0C95-\u0CB9](?:\u0CCD[\u0C95-\u0CB9])*'
           r'[\u0CBE-\u0CCC]*)\u0CEF',
           '\u0CB0\u0CCD\\1', t)
open("patha2.txt", "w", encoding="utf-8").write(t)
```

ಮೊದಲ re.sub ಕನ್ನಡ ಅಕ್ಷರಕ್ಕೆ ಅಂಟಿಕೊಂಡ ಸೊನ್ನೆಯನ್ನು ಅನುಸ್ವಾರ ಮಾಡುತ್ತದೆ. ಇಂಗ್ಲಿಷ್ ಓ ಅಕ್ಷರ ನುಸುಳಿದ್ದರೆ ಅದನ್ನೂ ತಿದ್ದುತ್ತದೆ. ಎರಡನೆಯದು "ಕಾಯ೯"ವನ್ನು "ಕಾರ್ಯ" ಮಾಡುತ್ತದೆ. "೧೯", "೧೦" ಇಂಥ ಸಂಖ್ಯೆಗಳನ್ನು ಎರಡೂ ಮುಟ್ಟುವುದಿಲ್ಲ, ಯಾಕೆಂದರೆ ಅಲ್ಲಿ ಹಿಂದೆ ಇರುವುದು ಅಂಕಿ, ಅಕ್ಷರವಲ್ಲ. ಆದರೆ ಪುಸ್ತಕದಲ್ಲಿ "ಚಿತ್ರ೯" ಎಂದು ಜಾಗ ಬಿಡದೆ ಅಚ್ಚಾಗಿದ್ದರೆ ಅದು ಕೆಟ್ಟುಹೋಗುತ್ತದೆ. ಅಂಥ ಪುಸ್ತಕವಾದರೆ ಒಂದೊಂದನ್ನೇ ಹುಡುಕಿ, ನೋಡಿ ಬದಲಿಸುವುದು ಒಳ್ಳೆಯದು.

ಆಮೇಲೆ ಸಾಲುಗಳನ್ನು ಜೋಡಿಸಿದೆ. ಅಚ್ಚಿನಲ್ಲಿ ಸಾಲು ಮುಗಿದಲ್ಲೆಲ್ಲ ಓಸಿಆರ್ ಸಾಲು ಮುರಿಯುತ್ತದೆ. ಕೊನೆಯಲ್ಲಿ ಅಡ್ಡಗೆರೆ ಹಾಕಿ ತುಂಡಾದ ಪದ ಎರಡು ಪದವಾಗಿ ಕೇಳುತ್ತದೆ. ಪ್ರತಿ ಪುಟದ ತಲೆಯಲ್ಲಿ ಅಚ್ಚಾಗುವ ಪಾಠದ ಹೆಸರು ವಾಕ್ಯದ ನಡುವೆ ಬಂದು ಕೂರುತ್ತದೆ. ಅದನ್ನು ಅಳಿಸಿದೆ. ಪುಟಸಂಖ್ಯೆಯನ್ನು ಮಾತ್ರ ಅಳಿಸಲಿಲ್ಲ. ತರಗತಿಯಲ್ಲಿ "ನಲವತ್ತಮೂರನೇ ಪುಟ ತೆಗೀರಿ" ಅಂದಾಗ ಎಲ್ಲರ ಜೊತೆ ಇವರೂ ಅಲ್ಲಿಗೆ ಹೋಗಬೇಕಲ್ವಾ? "ಪುಟ 43" ಎಂದು ಪ್ಯಾರಾಗಳ ನಡುವೆ ಬೇರೆ ಸಾಲಾಗಿ ಇಟ್ಟೆ. ಶೀರ್ಷಿಕೆಗಳನ್ನು ಸುಮ್ನೆ ದಪ್ಪ ಅಕ್ಷರ ಮಾಡದೆ, ವರ್ಡ್‌ನ ಹೆಡಿಂಗ್ ಸ್ಟೈಲ್ ಕೊಟ್ಟೆ. ಹಾಗಿದ್ದರೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್‌ನ ಬ್ರೌಸ್ ಮೋಡ್‌ನಲ್ಲಿ H ಒತ್ತಿ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹೋಗಬಹುದು.

ಮಸೂರದ ಸೂತ್ರ ಓಸಿಆರ್‌ನಲ್ಲಿ ಪೂರ್ತಿ ಚೆಲ್ಲಾಪಿಲ್ಲಿಯಾಗಿತ್ತು. ಮೇಲೆ ಮೂರು ಒಂದು, ಕೆಳಗಿನ ಸಾಲಿನಲ್ಲಿ v, u, f. ಅದನ್ನು ತೆಗೆದು ನಾನೇ ಟೈಪ್ ಮಾಡಿದೆ:

1/v − 1/u = 1/f

ಇಲ್ಲಿ ಕೀಬೋರ್ಡಿನ ಅಡ್ಡಗೆರೆ ಹಾಕಲಿಲ್ಲ. ಎರಡೂ ಕಡೆ ಜಾಗ ಬಿಟ್ಟು ಹಾಕಿದ ಅಡ್ಡಗೆರೆಯನ್ನು ಎನ್‌ವಿಡಿಎ ಮಾಮೂಲಿ ಸೆಟ್ಟಿಂಗ್‌ನಲ್ಲಿ ಓದದೆ ದಾಟಿಬಿಡುತ್ತದೆ. ಆಗ ಸೂತ್ರದಲ್ಲಿ ಮೈನಸ್ಸೇ ಇಲ್ಲದಂತಾಗುತ್ತದೆ. ಅದಕ್ಕೇ ನಿಜವಾದ ಮೈನಸ್ ಚಿಹ್ನೆ, U+2212, ಹಾಕಿದೆ. ಎಲ್ಲ ಧ್ವನಿಗಳೂ ಅದನ್ನು ಒಂದೇ ಥರ ಓದುತ್ತವೆ ಎಂಬ ಭರವಸೆ ಇಲ್ಲ. ಹಾಗಾಗಿ ಕೆಳಗಿನ ಸಾಲಿನಲ್ಲಿ ಮಾತಿನಲ್ಲೂ ಬರೆದೆ: "ಒಂದು ಬೈ v, ಮೈನಸ್ ಒಂದು ಬೈ u, ಸಮ ಒಂದು ಬೈ f."

ಕೋಷ್ಟಕದಲ್ಲಿ ಪೀನ ಮಸೂರದ ಮುಂದೆ ವಸ್ತು ಎಲ್ಲಿದ್ದರೆ ಪ್ರತಿಬಿಂಬ ಎಲ್ಲಿ, ಎಷ್ಟು ದೊಡ್ಡದು, ಎಂಥದ್ದು ಎಂದಿತ್ತು. ಓಸಿಆರ್ ವಸ್ತುವಿನ ಸ್ಥಾನಗಳನ್ನೆಲ್ಲ ಮೊದಲು ಕೊಟ್ಟು, ಆಮೇಲೆ ಪ್ರತಿಬಿಂಬದ ಸ್ಥಾನಗಳನ್ನೆಲ್ಲ ಒಟ್ಟಿಗೆ ಕೊಟ್ಟಿತು. ಓದಿ ನೋಡಿದ ವಿದ್ಯಾರ್ಥಿನಿ ಕೇಳಿದ್ದು ಒಂದೇ ಮಾತು: "ಮೇಡಂ, ಯಾವುದಕ್ಕೆ ಯಾವುದು ಅಂತ ಹೇಗೆ ಗೊತ್ತಾಗುತ್ತೆ?" ಕೆಲವರು ಇಂಥ ಕೋಷ್ಟಕವನ್ನು ವಾಕ್ಯಗಳಾಗಿ ಬಿಡಿಸುತ್ತಾರೆ. ನನಗೆ ಅದು ಇಲ್ಲಿ ಸರಿ ಕಾಣಲಿಲ್ಲ. ವಸ್ತು ಹತ್ತಿರ ಬಂದಂತೆ ಪ್ರತಿಬಿಂಬ ಹೇಗೆ ದೊಡ್ಡದಾಗುತ್ತದೆ ಎಂಬುದು ಕಾಲಂ ಉದ್ದಕ್ಕೂ ಇಳಿದಾಗಲೇ ಗೊತ್ತಾಗುವುದು. ವರ್ಡ್‌ನಲ್ಲಿ ನಿಜವಾದ ಕೋಷ್ಟಕ ಮಾಡಿ, ಮೊದಲ ಸಾಲನ್ನು ತಲೆಸಾಲು ಎಂದು ಗುರುತಿಸಿದೆ. Ctrl+Alt ಜೊತೆ ಬಾಣದ ಕೀಲಿ ಒತ್ತಿದರೆ ಆಕೆ ಮೇಲೆ ಕೆಳಗೆ, ಅಕ್ಕಪಕ್ಕ ಹೋಗಬಹುದು. ಕೋಶಗಳನ್ನು ಕೂಡಿಸಬಾರದು, ಖಾಲಿಯೂ ಬಿಡಬಾರದು. ಅಚ್ಚಿನಲ್ಲಿ "ಸತ್ಯ ಮತ್ತು ತಲೆಕೆಳಗು" ಎಂಬುದು ಹಲವು ಸಾಲುಗಳಿಗೆ ಸೇರಿ ಒಮ್ಮೆ ಮಾತ್ರ ಇತ್ತು. ನಾನು ಪ್ರತಿ ಸಾಲಿನಲ್ಲೂ ಬರೆದೆ.

ಕಿರಣ ಚಿತ್ರಗಳಿಗೆ ಜಾಸ್ತಿ ಹೊತ್ತು ಕೊಟ್ಟೆ. "ಮಸೂರದ ಚಿತ್ರ" ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ವಸ್ತು 2F1 ಆಚೆ ಇರುವ ಚಿತ್ರಕ್ಕೆ ಬರೆದದ್ದು ಇದು: "ಮಸೂರದ ಎಡಕ್ಕೆ, 2F1 ಆಚೆ, ಅಕ್ಷದ ಮೇಲೆ ವಸ್ತು ನೇರವಾಗಿ ನಿಂತಿದೆ. ಅದರ ತುದಿಯಿಂದ ಎರಡು ಕಿರಣಗಳು ಹೊರಡುತ್ತವೆ. ಮೊದಲನೆಯದು ಅಕ್ಷಕ್ಕೆ ಸಮಾಂತರವಾಗಿ ಬಂದು, ಮಸೂರ ದಾಟಿ ಬಾಗಿ, F2 ಮೂಲಕ ಹೋಗುತ್ತದೆ. ಎರಡನೆಯದು ಮಸೂರದ ನಡುಬಿಂದು O ಮೂಲಕ ಬಾಗದೆ ಹೋಗುತ್ತದೆ. ಎರಡೂ ಬಲಗಡೆ, F2 ಮತ್ತು 2F2 ನಡುವೆ, ಅಕ್ಷದ ಕೆಳಗೆ ಸೇರುತ್ತವೆ. ಅಲ್ಲಿ ಚಿಕ್ಕ, ತಲೆಕೆಳಗಾದ ಪ್ರತಿಬಿಂಬ ಇದೆ." ಚಿತ್ರ ಏನು ಕಲಿಸುತ್ತದೋ ಅದನ್ನಷ್ಟೇ, ಕಿರಣ ಹೋಗುವ ಕ್ರಮದಲ್ಲೇ ಹೇಳಬೇಕು. ಬಣ್ಣ, ಬಾಣದ ದಪ್ಪ ಬೇಕಿಲ್ಲ. ಪಾಠದ ಮೊದಲಲ್ಲಿ ಅಲಂಕಾರಕ್ಕೆ ಹಾಕಿದ್ದ ಚಿತ್ರವನ್ನು ಕೈಬಿಟ್ಟೆ.

ಕೊನೆಗೆ ಪರದೆ ಆರಿಸಿ, ಇಡೀ ಪಾಠವನ್ನು ಎನ್‌ವಿಡಿಎಯಿಂದ ನಿಧಾನಕ್ಕೆ ಓದಿಸಿ ಕೇಳಿದೆ. ಎಡವಿದ ಕಡೆ ನಿಲ್ಲಿಸಿ ಅಕ್ಷರ ಅಕ್ಷರವಾಗಿ ಓದಿಸಿದರೆ ತಪ್ಪು ಸಿಗುತ್ತದೆ. "ಧ" ಜಾಗದಲ್ಲಿ "ದ", "ಫ" ಜಾಗದಲ್ಲಿ "ಪ" ಬಂದದ್ದು ಮಾತ್ರ ಎಷ್ಟೋ ಸಲ ಧ್ವನಿಯಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಅಚ್ಚಿನ ಪುಟ ಪಕ್ಕದಲ್ಲಿಟ್ಟು ಕಣ್ಣಿನಲ್ಲೂ ಒಮ್ಮೆ ಹೋಲಿಸಿ ನೋಡಿ, ಆಮೇಲೆ ಕಡತವನ್ನು ಕಳಿಸಿದೆ.