ಬಟವಾಡೆಯ ದುಡ್ಡನ್ನು ಎಷ್ಟು ವಾರಕ್ಕೊಮ್ಮೆ ತರಬೇಕು?

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಹತ್ತಿರದ ಊರಿನ ಸಂತೆ ಶನಿವಾರ. ಹಾಗಾಗಿ ನಮ್ಮಲ್ಲಿ ಶುಕ್ರವಾರ ಸಂಜೆ ಬಟವಾಡೆ. ಕೊಯ್ಲಿಲ್ಲದ ತಿಂಗಳುಗಳಲ್ಲಿ ವಾರಕ್ಕೆ ಸುಮಾರು 50,000 ರೂಪಾಯಿ ಕೂಲಿಯನ್ನು ನಗದಾಗಿಯೇ ಕೊಡಬೇಕು. ನಾನು ಕೆಲಸಕ್ಕೆ ಸೇರಿದಾಗ ಪ್ರತಿ ಶುಕ್ರವಾರ ಬೆಳಿಗ್ಗೆ 22 ಕಿಲೋಮೀಟರ್ ದೂರದ ಬ್ಯಾಂಕಿಗೆ ಜೀಪು ಹೋಗುತ್ತಿತ್ತು. ಸರದಿಯಲ್ಲಿ ನಿಂತು, ಕಟ್ಟು ಬಿಚ್ಚಿ ಎಣಿಸಿ, ಚಿಲ್ಲರೆಗಾಗಿ ಕಾದು ಬರುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ಈ ಓಡಾಟಕ್ಕೆ ಲೆಕ್ಕವೊಂದಿದೆ ಎಂದು ಬಿ.ಕಾಂ. ಓದುವಾಗ ಕಲಿತದ್ದು ನೆನಪಿಗೆ ಬಂದಿದ್ದು ಅಲ್ಲಿ ಕಾದು ಕೂತಿದ್ದಾಗಲೇ.

ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ಬೌಮೋಲ್ 1952ರಲ್ಲಿ ಪ್ರಕಟಿಸಿದ ಲೆಕ್ಕವದು. 1956ರಲ್ಲಿ ಜೇಮ್ಸ್ ಟೋಬಿನ್ ಅದೇ ದಾರಿಯಲ್ಲಿ ಮುಂದುವರಿದರು. ಕೈಯಲ್ಲಿರುವ ನಗದನ್ನು ಗೋದಾಮಿನಲ್ಲಿರುವ ಗೊಬ್ಬರದ ಮೂಟೆಯಂತೆ ನೋಡಬೇಕು ಎಂಬುದೇ ಅದರ ತಿರುಳು. ಒಮ್ಮೆಗೇ ಹೆಚ್ಚು ತಂದರೆ ದಾಸ್ತಾನಿನ ಖರ್ಚು ಏರುತ್ತದೆ, ಸ್ವಲ್ಪ ಸ್ವಲ್ಪವೇ ತಂದರೆ ಸಾಗಣೆಯ ಖರ್ಚು ಏರುತ್ತದೆ. ನಮ್ಮ ತೋಟದ ವ್ಯವಹಾರ ನಡೆಯುವುದು ಬ್ಯಾಂಕಿನ ಓವರ್‌ಡ್ರಾಫ್ಟ್ ಎಂಬ ಸಾಲದ ಖಾತೆಯಲ್ಲಿ. ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ, ವರ್ಷಕ್ಕೆ ಶೇಕಡಾ 10. ತಿಜೋರಿಯಲ್ಲಿ ಸುಮ್ಮನೆ ಕೂತ ಪ್ರತಿ ನೋಟಿಗೂ ನಾವು ಬಡ್ಡಿ ಕಟ್ಟುತ್ತಿರುತ್ತೇವೆ.

ಒಂದು ಸಲಕ್ಕೆ ತರುವ ಮೊತ್ತ C, ವರ್ಷದ ನಗದು ಖರ್ಚು T, ಒಂದು ಓಡಾಟದ ಖರ್ಚು b, ಬಡ್ಡಿ ದರ i ಎಂದಿಟ್ಟುಕೊಳ್ಳಿ. ವರ್ಷಕ್ಕೆ T/C ಸಲ ಹೋಗಬೇಕು. ದುಡ್ಡು ಒಂದೇ ಸಮನೆ ಕರಗುತ್ತಾ ಹೋದರೆ ಕೈಯಲ್ಲಿ ಸರಾಸರಿ C/2 ಇರುತ್ತದೆ. ಎರಡೂ ಖರ್ಚು ಸೇರಿ ಅತಿ ಕಡಿಮೆಯಾಗುವ ಮೊತ್ತ ಇದು:

```
ಒಟ್ಟು ಖರ್ಚು = bT/C + iC/2
C = √(2bT / i)
```

ಹೆಚ್ಚು ಯೋಚನೆ ಬೇಕಾದದ್ದು b ಹಿಡಿಯುವುದಕ್ಕೆ. ಡೀಸೆಲ್ಲಿಗೆ 330, ಚಾಲಕನ ಅರ್ಧ ದಿನಕ್ಕೆ 270, ನನ್ನ ಅರ್ಧ ದಿನಕ್ಕೆ 300, ಒಟ್ಟು 900 ರೂಪಾಯಿ ಎಂದು ಬರೆದುಕೊಂಡೆ. ಗೊಬ್ಬರ ತರಲು ಜೀಪು ಹೇಗೂ ಹೊರಟಿರುವ ದಿನ ಡೀಸೆಲ್ಲನ್ನೂ ಚಾಲಕನನ್ನೂ ಇದಕ್ಕೆ ಸೇರಿಸಬಾರದು, ಏಕೆಂದರೆ ದುಡ್ಡಿಗಾಗಿಯೇ ಆದ ಖರ್ಚು ಮಾತ್ರ b. ಹಾಗೆಯೇ ಬ್ಯಾಂಕು ಸಾವಿರಕ್ಕೆ ಇಷ್ಟು ಎಂದು ಶುಲ್ಕ ಹಾಕಿದರೆ ಅದೂ b ಒಳಗೆ ಬರುವುದಿಲ್ಲ. ವರ್ಷಕ್ಕೆ ತೆಗೆಯುವ ಒಟ್ಟು ಮೊತ್ತ ಬದಲಾಗದ ಕಾರಣ ಹತ್ತು ಸಲ ಹೋದರೂ ಐವತ್ತು ಸಲ ಹೋದರೂ ಆ ಶುಲ್ಕ ಅಷ್ಟೇ.

ಮೊದಲ ಸಲ ಲೆಕ್ಕ ಹಾಕಿದಾಗ ನನಗೆ ಬಂದ ಉತ್ತರ 62,450. ವಾರದ ಕೂಲಿಗಿಂತ ಕೊಂಚ ಹೆಚ್ಚು, ಅಷ್ಟೇ. ಹಾಗಾದರೆ ಹಳೆಯ ಪದ್ಧತಿಯೇ ಸರಿ ಎಂದು ಪುಸ್ತಕ ಮುಚ್ಚಿಬಿಡುತ್ತಿದ್ದೆ. ಆದರೆ ಈ ಸೂತ್ರಕ್ಕೆ ಒಂದು ತಾಳೆ ಇದೆ: ಸರಿಯಾದ ಮೊತ್ತದಲ್ಲಿ ಓಡಾಟದ ಖರ್ಚೂ ಬಡ್ಡಿಯ ಖರ್ಚೂ ಸರಿಸಮವಾಗಿರಬೇಕು. ನೋಡಿದರೆ ವರ್ಷಕ್ಕೆ ಓಡಾಟಕ್ಕೆ 37,000ಕ್ಕೂ ಹೆಚ್ಚು, ಬಡ್ಡಿಗೆ ಬರೀ 3,100 ಚಿಲ್ಲರೆ. ಅಜಗಜಾಂತರ. ತಪ್ಪು ಎಲ್ಲಿದೆ ಎಂದು ಹುಡುಕಲು ಒಂದು ಸಂಜೆ ಹಿಡಿಯಿತು. ನಾನು T ಜಾಗದಲ್ಲಿ ತಿಂಗಳ ಖರ್ಚನ್ನು ಹಾಕಿ, i ಜಾಗದಲ್ಲಿ ವರ್ಷದ ಬಡ್ಡಿಯನ್ನು ಇಟ್ಟಿದ್ದೆ. ಎರಡೂ ಒಂದೇ ಅವಧಿಯವಾಗಿರಬೇಕು. ವಾರಕ್ಕೆ 50,000ದಂತೆ ವರ್ಷಕ್ಕೆ 26 ಲಕ್ಷ ಎಂದು ತಿದ್ದಿದ ಮೇಲೆ C ಸುಮಾರು 2,16,000 ಬಂತು. ಓಡಾಟಕ್ಕೆ ಸುಮಾರು 10,800, ಬಡ್ಡಿಗೂ ಸುಮಾರು 10,800. ತಾಳೆಯಾಯಿತು. ಅಂದರೆ ನಾಲ್ಕು ವಾರ ಚಿಲ್ಲರೆಗೆ ಒಮ್ಮೆ ಹೋದರೆ ಸಾಕು.

ಇಷ್ಟಾದರೂ ಒಂದು ಅನುಮಾನ ಉಳಿದಿತ್ತು. ಸೂತ್ರದಲ್ಲಿ ದುಡ್ಡು ದಿನದಿನವೂ ಸ್ವಲ್ಪಸ್ವಲ್ಪವೇ ಖರ್ಚಾಗುತ್ತದೆ. ನಮ್ಮಲ್ಲಿ ಹಾಗಲ್ಲ, ಶುಕ್ರವಾರ ಸಂಜೆ ಒಮ್ಮೆಲೇ 50,000 ಹೋಗುತ್ತದೆ, ಮತ್ತೆ ಏಳು ದಿನ ಒಂದು ರೂಪಾಯಿಯೂ ಅಲುಗುವುದಿಲ್ಲ. ಅದಕ್ಕೆ ಸೂತ್ರವನ್ನು ಬದಿಗಿಟ್ಟು ವಾರ ವಾರದ ಲೆಕ್ಕವನ್ನು ಕೈಯಿಂದಲೇ ಮಾಡಿದೆ. ಬೆಳಿಗ್ಗೆ ತಂದದ್ದರಲ್ಲಿ ಮೊದಲ ವಾರದ ಪಾಲು ಅಂದೇ ಸಂಜೆ ಬಟವಾಡೆಯಾಗುವುದರಿಂದ ಅದಕ್ಕೆ ಬಡ್ಡಿಯ ಹೊರೆ ಇಲ್ಲವೆನ್ನುವಷ್ಟು ಕಡಿಮೆ. ಪ್ರತಿ ವಾರ ಹೋದರೆ ವರ್ಷಕ್ಕೆ 46,800 ರೂಪಾಯಿ, ಎಲ್ಲವೂ ಓಡಾಟದ್ದೇ. ಎರಡು ವಾರಕ್ಕೊಮ್ಮೆಯಾದರೆ ಒಟ್ಟು 25,900, ಮೂರು ವಾರಕ್ಕೆ 20,600, ನಾಲ್ಕು ವಾರಕ್ಕೆ 19,200, ಐದು ವಾರಕ್ಕೆ 19,360. ಕಡಿಮೆ ಖರ್ಚು ನಾಲ್ಕು ವಾರಕ್ಕೇ ಬಂತು. ಕಾರಣ ಆಮೇಲೆ ಹೊಳೆಯಿತು. ವಾರಕ್ಕೊಮ್ಮೆ ಬಟವಾಡೆಯಾದರೆ ಸರಾಸರಿ ದಾಸ್ತಾನು ಸೂತ್ರ ಹೇಳುವುದಕ್ಕಿಂತ ಅರ್ಧ ವಾರದ ಕೂಲಿಯಷ್ಟು, ಅಂದರೆ 25,000 ಕಡಿಮೆ ಇರುತ್ತದೆ. ಎಷ್ಟು ವಾರಕ್ಕೊಮ್ಮೆ ತಂದರೂ ಈ ಕಡಿತ ಅಷ್ಟೇ. ಹಾಗಾಗಿ ವರ್ಷದ ಒಟ್ಟು ಖರ್ಚು 2,500 ಇಳಿಯುತ್ತದೆಯೇ ಹೊರತು ಯಾವುದು ಉತ್ತಮ ಎಂಬುದು ಬದಲಾಗುವುದಿಲ್ಲ.

ಕಾಗದ ಹಿಡಿದು ಸಾಹುಕಾರರ ಬಳಿ ಹೋದೆ. ಎರಡು ಲಕ್ಷ ತಂದು ಅಂದು ಬಟವಾಡೆ ಮಾಡಿದರೂ ಒಂದೂವರೆ ಲಕ್ಷ ರಾತ್ರಿ ತಿಜೋರಿಯಲ್ಲಿ ಉಳಿಯುತ್ತದೆ. ಅವರು ತಲೆಯಾಡಿಸಿದರು. "ತೋಟದ ನಡುವೆ ಒಂಟಿ ಮನೆ. ಒಂದು ಲಕ್ಷದ ಮೇಲೆ ಇಟ್ಟುಕೊಂಡರೆ ನನಗೆ ನಿದ್ದೆ ಬರುವುದಿಲ್ಲ, ನೀವೇ ನೋಡಿ." ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಬೌಮೋಲ್ ಸೂತ್ರದ i ಒಳಗೆ ಬಡ್ಡಿ ಇದೆ, ಕಳ್ಳತನದ ಭಯ ಇಲ್ಲ. ಅದನ್ನೂ ದರವಾಗಿ ಸೇರಿಸಬಹುದು, ಆದರೆ ಎಷ್ಟೆಂದು ಸೇರಿಸುವುದು? ನಾನು ಬೇರೆ ದಾರಿ ಹಿಡಿದೆ. ರಾತ್ರಿಗೆ ಒಂದು ಲಕ್ಷದ ಮಿತಿ ಎಂದರೆ ಮೂರು ವಾರಕ್ಕೊಮ್ಮೆ ಒಂದೂವರೆ ಲಕ್ಷ ತರುವುದು. ಅದಕ್ಕೂ ನಾಲ್ಕು ವಾರಕ್ಕೂ ವರ್ಷಕ್ಕೆ ಇರುವ ವ್ಯತ್ಯಾಸ 1,400 ರೂಪಾಯಿ. ನೆಮ್ಮದಿಯ ನಿದ್ದೆಗೆ ಆ ಬೆಲೆ ಹೆಚ್ಚಲ್ಲ ಎಂದು ಇಬ್ಬರೂ ಒಪ್ಪಿದೆವು. ಈ ಸೂತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಗುಣವೇ ಇದು. ಸರಿಯಾದ ಮೊತ್ತದ ಆಸುಪಾಸಿನಲ್ಲಿ ಖರ್ಚಿನ ರೇಖೆ ತಟ್ಟೆಯ ತಳದಂತೆ ಚಪ್ಪಟೆ. ಮೊತ್ತವನ್ನು ದುಪ್ಪಟ್ಟು ಮಾಡಿದರೂ ಅರ್ಧಕ್ಕಿಳಿಸಿದರೂ ಸೂತ್ರದ ಒಟ್ಟು ಖರ್ಚು ಏರುವುದು ಕಾಲುಭಾಗ ಮಾತ್ರ.

ಕೊಯ್ಲು ಶುರುವಾದಾಗ ಮತ್ತೆ ಲೆಕ್ಕ ಹಾಕಬೇಕಾಯಿತು. ಆಗ ವಾರದ ಬಟವಾಡೆ ಒಂದೂವರೆ ಲಕ್ಷಕ್ಕೆ ಏರುತ್ತದೆ. ಇಡೀ ವರ್ಷದ ಖರ್ಚನ್ನು ಒಟ್ಟು ಮಾಡಿ ಸೂತ್ರಕ್ಕೆ ಹಾಕಿದರೆ ಎರಡೂ ಕಾಲಕ್ಕೆ ಹೊಂದದ ಉತ್ತರ ಬರುತ್ತದೆ. ಅದಕ್ಕೆ ಕೊಯ್ಲಿನ ವೇಗದಲ್ಲೇ ವರ್ಷವಿಡೀ ನಡೆದಂತೆ T ಹಿಡಿದೆ, 78 ಲಕ್ಷ. ಖರ್ಚು ಮೂರು ಪಟ್ಟಾದರೂ ವರ್ಗಮೂಲದ ದೆಸೆಯಿಂದ C ಏರಿದ್ದು 1.73 ಪಟ್ಟು, ಸುಮಾರು 3,75,000ಕ್ಕೆ. ವಾರದ ಲೆಕ್ಕದಲ್ಲಿ ಎರಡೂವರೆ ವಾರಕ್ಕೊಮ್ಮೆ. ಎರಡು ವಾರಕ್ಕೊಮ್ಮೆ ತಂದರೂ ಮೊದಲ ಬಟವಾಡೆಯ ನಂತರ ಒಂದೂವರೆ ಲಕ್ಷ ಮನೆಯಲ್ಲಿ ಉಳಿಯುತ್ತದೆ, ಮಿತಿ ಮೀರುತ್ತದೆ. ಪ್ರತಿ ವಾರ ಹೋದರೆ ವಾರಕ್ಕೆ ಸುಮಾರು 300 ರೂಪಾಯಿ ಹೆಚ್ಚು ಖರ್ಚು, ಹತ್ತು ವಾರದ ಕೊಯ್ಲಿಗೆ 3,000. ಆ ಅಂಕಿಯನ್ನು ಸಾಹುಕಾರರ ಮುಂದಿಟ್ಟೆ. ಅವರು ಎರಡು ಸಲ ಓದಿ, ಕೊಯ್ಲು ಮುಗಿಯುವವರೆಗೆ ಪ್ರತಿ ಶುಕ್ರವಾರ ಜೀಪು ಹೋಗಲಿ ಎಂದರು.