ಕಾಗುಣಿತದ ಚಾರ್ಟು ಮನೆಯಲ್ಲೇ: 'ಪ' ಸಾಲಿನಿಂದ ಶುರು ಮಾಡಿ

ನನ್ನ ತಂಗಿಯ ಮಗನಿಗೆ ಐದೂವರೆ ವರ್ಷ. ಕ ಕಾ ಕಿ ಕೀ ಎಂದು ಶುರು ಮಾಡಿದರೆ ಒಂದೇ ಉಸಿರಿಗೆ ಕಃ ತನಕ ಹೋಗುತ್ತಾನೆ. ನಡುವಿನ 'ಕೋ' ಮೇಲೆ ಬೆರಳಿಟ್ಟರೆ ಮಾತ್ರ ಮತ್ತೆ ಮೊದಲಿನಿಂದ ಗುನುಗಿಕೊಂಡು ಬರಬೇಕು. ಅವನಿಗೆ ಬಂದಿರುವುದು ಹಾಡು, ಓದು ಅಲ್ಲ. ಪೂರ್ತಿ ಕಾಗುಣಿತದ ಚಾರ್ಟಿನಲ್ಲಿ 34 ವ್ಯಂಜನ, 15 ಕಂಬಸಾಲು, ಒಟ್ಟು 510 ಮನೆ. ಮಗು ಎಲ್ಲಿ ಅಂತ ನೋಡಬೇಕು? ಅದಕ್ಕೇ ಒಂದು ವರ್ಗಕ್ಕೆ ಒಂದು ಹಾಳೆ ಮಾಡಿಕೊಳ್ಳೋಣ.

22 ಇಂಚು ಅಗಲ, 28 ಇಂಚು ಉದ್ದದ ಚಾರ್ಟ್ ಪೇಪರನ್ನು ಅರ್ಧಕ್ಕೆ ಕತ್ತರಿಸಿ. 22x14ರ ಹಾಳೆ ಸಿಗುತ್ತದೆ. ಅದನ್ನು ಅಡ್ಡಲಾಗಿ ಇಟ್ಟು ಒಂದೂವರೆ ಇಂಚು ಅಗಲದ 13 ಕಂಬಸಾಲು, ಎರಡು ಇಂಚು ಎತ್ತರದ 6 ಅಡ್ಡಸಾಲು ಎಳೆಯಿರಿ. ಮೇಲಿನ ಸಾಲಿನಲ್ಲಿ, ಮೊದಲ ಮನೆ ಖಾಲಿ ಬಿಟ್ಟು, ಅ ಆ ಇ ಈ ಉ ಊ ಎ ಏ ಐ ಒ ಓ ಔ ಬರೆಯಿರಿ. ಎಡಗಡೆ ಮೇಲಿಂದ ಕೆಳಕ್ಕೆ ಪ್ ಫ್ ಬ್ ಭ್ ಮ್.

ಋ, ಅಃ ಎಲ್ಲಿ ಅಂತ ಕೇಳಬಹುದು. ಬೇಕೆಂದೇ ಬಿಟ್ಟಿದ್ದೇನೆ. ಮೃಗ, ಕೃಷಿ, ದುಃಖ ಬಂದಾಗ ಆಯಾ ಪದದ ಜೊತೆಗೇ ಹೇಳಿಕೊಟ್ಟರೆ ಸಾಕು. ಸೊನ್ನೆಯನ್ನು ಬಿಟ್ಟಿದ್ದಕ್ಕೆ ಕಾರಣ ಬೇರೆ, ಅದು ಆಮೇಲೆ.

ಕ ಬಿಟ್ಟು ಪ ಯಾಕೆ? ಕ ಹೇಳುವಾಗ ನಾಲಿಗೆ ಒಳಗೆಲ್ಲೋ ತಾಗುತ್ತದೆ, ಮಗುವಿಗೆ ಕಾಣಿಸುವುದಿಲ್ಲ. ಪ ಫ ಬ ಭ ಮ ಐದಕ್ಕೂ ತುಟಿ ಮುಚ್ಚಿ ತೆರೆಯಬೇಕು. ಕನ್ನಡಿ ಮುಂದೆ ನಿಲ್ಲಿಸಿ ಹೇಳಿಸಿ. ತುಟಿಯ ಮುಂದೆ ತೆಳು ಕಾಗದದ ಚೂರು ಹಿಡಿದರೆ ಪ ಗಿಂತ ಫ ಗೆ ಅದು ಜಾಸ್ತಿ ಹಾರುತ್ತದೆ. ಮೂಗು ಹಿಡಿದುಕೊಂಡು ಮ ಹೇಳಲು ಹೋದರೆ ಸರಿಯಾಗಿ ಬರುವುದಿಲ್ಲ. ಈ ಐದು ಅಕ್ಷರ ಒಂದೇ ಗುಂಪಿನಲ್ಲಿ ಯಾಕಿವೆ ಅಂತ ಮಗುವಿಗೆ ಆಗ ತಾನಾಗಿಯೇ ತಿಳಿಯುತ್ತದೆ.

ಈಗ ತುಂಬುವುದು. ಮಗುವಿನ ಎದುರೇ, ಒಂದು ದಿನಕ್ಕೆ ಒಂದು ಕಂಬಸಾಲು ಸಾಕು. ಅಡ್ಡಲಾಗಿ ತುಂಬಬೇಡಿ, ಮತ್ತೆ ಅದೇ ಹಾಡು ಶುರುವಾಗುತ್ತದೆ. ಮೇಲಿಂದ ಕೆಳಕ್ಕೆ ಪಿ ಫಿ ಬಿ ಭಿ ಮಿ ಬರೆದರೆ ಕಣ್ಣು ಗುಡಿಸನ್ನು ಹುಡುಕಿಕೊಳ್ಳುತ್ತದೆ. ಹೊಸ ಗುರುತುಗಳು ಇರುವುದೇ ಎಂಟು: ಇಳಿ, ಗುಡಿಸು, ದೀರ್ಘ, ಕೊಂಬು, ಕೊಂಬಿನ ಇಳಿ, ಎತ್ವ, ಐತ್ವ, ಔತ್ವ. ಪಿ ಗೆ ದೀರ್ಘ ಹಾಕಿದರೆ ಪೀ, ಪೆ ಗೆ ಹಾಕಿದರೆ ಪೇ, ಪೊ ಗೆ ಹಾಕಿದರೆ ಪೋ. ಪೊ ಅನ್ನೋದೇ ಎತ್ವದ ಜೊತೆ ಕೊಂಬಿನ ಇಳಿ ಸೇರಿದ್ದು. ಹಾಗಾಗಿ ಉ, ಊ, ಎ ಸಾಲುಗಳನ್ನು ಮುಗಿಸಿಕೊಂಡೇ ಒ ಸಾಲಿಗೆ ಬನ್ನಿ.

ತಲೆಕಟ್ಟನ್ನು ಬೇರೆ ಬಣ್ಣದಲ್ಲಿ ಬರೆಯಿರಿ. ಪಾ, ಪಿ, ಪೆ, ಪೌ ಬರೆಯುವಾಗ ತಲೆಕಟ್ಟು ಹೋಗಿ ಆ ಜಾಗಕ್ಕೆ ಗುರುತು ಬರುತ್ತದೆ. ಪು, ಪೂ ನಲ್ಲಿ ತಲೆಕಟ್ಟು ಹಾಗೇ ಉಳಿಯುತ್ತದೆ. ಬ ಗೆ ತಲೆಕಟ್ಟೇ ಇಲ್ಲ, ಅದಕ್ಕೆ ಬಾ, ಬಿ ನೋಡಲು ಬೇರೆ ಥರ.

ಎಡವುವ ಮನೆಗಳು ಕೆಲವು ಇವೆ. ಅವಕ್ಕೆ ಹಳದಿ ಬಳಿಯಿರಿ. ಬಾ, ಬಿ ಆಯಿತು. ಮಿ ನಲ್ಲಿ ಗುಡಿಸು ಮುಂದಿನ ಭಾಗದ ಮೇಲೆ ಕೂರುತ್ತದೆ, ಬಾಲ ಹಿಂದೆ ಉಳಿಯುತ್ತದೆ. ಪು, ಫು ನಲ್ಲಿ ಕೊಂಬು ಅಕ್ಷರದ ಬಲಕ್ಕೆ ಬರದೆ ಕೆಳಗಿನಿಂದ ಹೊರಡುತ್ತದೆ. ಮುಂದೆ ಬರುವ ವು ಕೂಡ ಹೀಗೆಯೇ. ವ ದ ಬಲಕ್ಕೆ ಕೊಂಬು ಎಳೆದರೆ ಅದು ಮ ಆಗಿಬಿಡುತ್ತದೆ! ನಮ್ಮ ಹುಡುಗ 'ಹಾವು' ಅನ್ನು 'ಹಾಮ' ಎಂದು ಓದುತ್ತಿದ್ದ. ಬೈಸಿಕೊಂಡಿದ್ದೂ ಆಯಿತು, ಆದರೆ ತಪ್ಪು ಅವನದಲ್ಲ, ಎರಡನ್ನೂ ಪಕ್ಕಪಕ್ಕ ಯಾರೂ ತೋರಿಸಿರಲಿಲ್ಲ.

ಈಗ ಸೊನ್ನೆಯ ವಿಷಯ. ಪಂ ಬಂ ಮಂ ಎಂದು ಕೊನೆಯ ಸಾಲಿನಲ್ಲಿ ಬರೆದರೆ, ಸೊನ್ನೆ ಬರೋದು ಬರಿ ಪ ಬ ಮ ಗೆ ಮಾತ್ರ ಅಂತ ಮಗು ತಿಳಿಯುತ್ತದೆ. ಆಮೇಲೆ 'ಬಿಂಬ' ಕಂಡರೆ ತಡಬಡಾಯಿಸುತ್ತದೆ. ಹಾಗಾಗಿ ಹಳೇ ಅಂಗಿಯ ಒಂದು ಗುಂಡಿ ಕೊಡಿ. ಬೊ ಮೇಲೆ ಬೆರಳು, ಪಕ್ಕದಲ್ಲಿ ಗುಂಡಿ, ಆಮೇಲೆ ಬೆ. ಬೊಂಬೆ! ಗುಂಡಿ ಯಾವ ಮನೆಯ ಪಕ್ಕ ಬೇಕಾದರೂ ಕೂರುತ್ತದೆ.

ಕಲಿತಿದೆಯೋ ಇಲ್ಲವೋ ತಿಳಿಯಲು ಮೇಲಿನ ಸಾಲನ್ನೂ ಎಡಗಡೆಯ ಸಾಲನ್ನೂ ಪೇಪರಿನಿಂದ ಮುಚ್ಚಿ. ಭೇ, ಮೂ, ಪೈ, ಬೀ ಹೀಗೆ ಅಲ್ಲಲ್ಲಿ ಬೆರಳಿಡಿ. ಮಗುವಿನ ತುಟಿ ಸುಮ್ನೆ ಗುನುಗುತ್ತಿದ್ದರೆ ಇನ್ನೂ ಹಾಡಿನಲ್ಲೇ ಇದೆ ಅಂತ ಅರ್ಥ. ಹಾಳೆ ಇನ್ನೊಂದು ವಾರ ಗೋಡೆ ಮೇಲೆ ಇರಲಿ. ತಟ್ಟನೆ ಹೇಳಿದರೆ ಪೀಪಿ, ಪಾಪು, ಬಿಂಬ ಓದಿಸಿ. ಮುಂದೆ ತ ವರ್ಗ, ಟ ವರ್ಗ, ಕ, ಚ. ಯ ಇಂದ ಳ ತನಕದ ಒಂಬತ್ತಕ್ಕೆ ಎರಡು ಹಾಳೆ. ಎಲ್ಲ ಸೇರಿ ಏಳು ಅರ್ಧ ಹಾಳೆಗಳು. ಙ, ಞ ಸಾಲಿನಲ್ಲಿ ಮೊದಲ ಮನೆ ಬರೆದು ಉಳಿದದ್ದು ಖಾಲಿ ಬಿಟ್ಟರೂ ನಷ್ಟವಿಲ್ಲ.

ಅಪ್ಪ, ಅಮ್ಮ ಎಲ್ಲಿ ಅಂತ ಮಗು ಖಂಡಿತ ಕೇಳುತ್ತದೆ. ಅವರು ಈ ಚಾರ್ಟಿನಲ್ಲಿ ಸಿಗುವುದಿಲ್ಲ. ಅವರಿಗೆ ಒತ್ತಕ್ಷರ ಬೇಕು, ಅದಕ್ಕೆ ಬೇರೆಯೇ ಹಾಳೆ.