ಸೌನಾದ 80 ಡಿಗ್ರಿ, ಸ್ಟೀಮ್‌ನ 45 ಡಿಗ್ರಿ: ಮುಂಬೈ ಹವೆಯಲ್ಲಿ ಎಷ್ಟು ಹೊತ್ತು?

"ಸೌನಾದಲ್ಲಿ 80 ತಡ್ಕೊಂಡವನಿಗೆ ಸ್ಟೀಮ್‌ನ 45 ಏನು ಮಹಾ?" ಥಾಣೆಯ ಕ್ಲಬ್‌ಹೌಸಿನಲ್ಲಿ ಈ ಎರಡು ಕೋಣೆ ನೋಡಿಕೊಳ್ಳುವ ನನಗೆ ಇದು ಕೇಳಿ ಕೇಳಿ ರೂಢಿಯಾದ ಮಾತು. ಸೌನಾದ ಗಾಳಿ ಒಣಗಿರುತ್ತದೆ, ತೇವ ಶೇ. 10-20 ಅಷ್ಟೇ. ಬೆವರು ಬಂದಂತೆ ಆರಿ ಮೈಯ ಶಾಖವನ್ನು ಒಯ್ಯುತ್ತದೆ. ಸ್ಟೀಮ್ ಕೋಣೆಯ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರದೆ ಬರೀ ಇಳಿಯುತ್ತದೆ. ಸಾಲದ್ದಕ್ಕೆ ಹಬೆ ಮೈಮೇಲೆ ನೀರಾಗುವಾಗ ತನ್ನ ಶಾಖವನ್ನೂ ನಮಗೇ ಕೊಡುತ್ತದೆ.

ಸೌನಾವನ್ನು 75-85ರಲ್ಲಿ, ಸ್ಟೀಮನ್ನು 43-45ರಲ್ಲಿ ಇಡುತ್ತೇನೆ. ಪ್ಯಾನೆಲ್ ಅಂಕಿಯನ್ನು ಪೂರ್ತಿ ನಂಬುವುದಿಲ್ಲ. ಸೌನಾದ ಸೆನ್ಸರ್ ಚಾವಣಿಯ ಹತ್ತಿರ ಇರುವುದರಿಂದ ಕೆಳಗಿನ ಬೆಂಚು ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಸ್ಟೀಮ್‌ನಲ್ಲಿ ತೊಂದರೆ ಉಲ್ಟಾ. ಸೆನ್ಸರ್ ಬಾಗಿಲ ಬಳಿ ಇದ್ದರೆ ಬಾಗಿಲು ತೆರೆದಾಗಲೆಲ್ಲ ತಂಪು ತಾಗಿ ಹಬೆಯ ಜನರೇಟರ್ ನಿಲ್ಲುವುದೇ ಇಲ್ಲ. ಹಬೆಯ ಸದ್ದು ಬಿಡುವಿಲ್ಲದೆ ಬರುತ್ತಿದ್ದರೆ ಕುಳಿತವರ ತಲೆಯ ಎತ್ತರದಲ್ಲಿ ಬೇರೆ ಥರ್ಮಾಮೀಟರ್ ಇಟ್ಟು ನೋಡಬೇಕು.

ಮೊದಲ ಸಲ ಬಂದವರು ಸೌನಾದ ಕೆಳಗಿನ ಬೆಂಚಿನಲ್ಲಿ 5-8 ನಿಮಿಷ ಕೂರಲಿ. ರೂಢಿಯಾದವರಿಗೆ 10-12, ಹೆಚ್ಚೆಂದರೆ 15. ಸ್ಟೀಮ್‌ನಲ್ಲಿ 10 ಸಾಕು. ತಲೆ ಹಗುರಾದರೆ, ಎದೆ ಡವಗುಟ್ಟಿದರೆ, ವಾಕರಿಕೆ ಬಂದರೆ ಗಡಿಯಾರ ನೋಡದೆ ಹೊರಗೆ ಬರಬೇಕು.

ಇಲ್ಲಿ ಹೆಚ್ಚು ಎಡವುವುದು ಹೊರಗೆ ಬಂದ ಮೇಲೆ. ಸೌನಾದ ಊರುಗಳಲ್ಲಿ ಹೊರಗಿನ ಚಳಿಯೇ ಮೈ ತಣಿಸುತ್ತದೆ. ಮುಂಬೈಯ ಮೇ ತಿಂಗಳಲ್ಲಿ, ಮಳೆಗಾಲದಲ್ಲಿ, ಬಟ್ಟೆ ಬದಲಿಸುವ ಕೋಣೆಯೇ ಅರ್ಧ ಸ್ಟೀಮ್ ರೂಮು. ಅಲ್ಲಿ ನಿಂತರೆ ಬೆವರು ಆರದು. ಮೊದಲು ಉಗುರುಬೆಚ್ಚಗೆ, ಆಮೇಲೆ ತಂಪಾಗಿ ಶವರ್, ಎರಡು-ಮೂರು ನಿಮಿಷ. ಮತ್ತೆ ಎ.ಸಿ. ಇರುವ ಕಡೆ 10 ನಿಮಿಷ ಕುಳಿತು ಅರ್ಧ ಲೀಟರ್ ನೀರು. ಮೈ ಒರೆಸಿದ ಮೇಲೂ ಬೆವರು ಒಸರುತ್ತಿದ್ದರೆ ಒಳಗಿನ ಕಾವು ಇಳಿದಿಲ್ಲ, ಎರಡನೇ ಸುತ್ತು ಬೇಡ.

ಟ್ರೆಡ್‌ಮಿಲ್ ಮುಗಿಸಿ ನೇರ ಒಳಗೆ ಹೊರಟ, ಬಿ.ಪಿ.ಗೂ ಮೂತ್ರ ಹೆಚ್ಚಿಸಲೂ ಮಾತ್ರೆ ನುಂಗುವ ಹಿರಿಯರನ್ನು ತೆಗೆದುಕೊಳ್ಳಿ. ಬಿಸಿಗೆ ಚರ್ಮದ ರಕ್ತನಾಳ ಹಿಗ್ಗುತ್ತವೆ, ಮಾತ್ರೆ ಒತ್ತಡವನ್ನು ಮೊದಲೇ ಇಳಿಸಿರುತ್ತದೆ, ನೀರಿನ ಅಂಶವೂ ಕಡಿಮೆ. ಕೂತಿರುವಷ್ಟು ಹೊತ್ತು ಏನೂ ತಿಳಿಯದು. ಎದ್ದು ಬಾಗಿಲು ಹಿಡಿಯುವಾಗ ಕಣ್ಣು ಕತ್ತಲಿಟ್ಟು ಬೀಳುತ್ತಾರೆ. ವೈದ್ಯರು ಒಪ್ಪಿದ್ದರೂ ಅವರಿಗೆ ನಾನು ಹೇಳುವುದಿಷ್ಟೇ: 15 ನಿಮಿಷ ದಣಿವಾರಿಸಿಕೊಂಡು, ನೀರು ಕುಡಿದು, ಕೆಳಗಿನ ಬೆಂಚಿನಲ್ಲಿ 5 ನಿಮಿಷ, ಜೊತೆಗೊಬ್ಬರು ಇರಲಿ, ಏಳುವಾಗ ನಿಧಾನ.

ಇತ್ತೀಚೆಗೆ ಹೃದಯಾಘಾತವಾದವರು, ಕುಳಿತಾಗಲೂ ಎದೆನೋವು ಬರುವವರು, ಹೃದಯದ ಮಹಾಪಧಮನಿ ಕವಾಟ ತೀರಾ ಕಿರಿದಾದವರು, ಜ್ವರವಿರುವವರು, ಗರ್ಭಿಣಿಯರು ಒಳಗೆ ಹೋಗಬಾರದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಟ್ಟದ್ದೇ ಗೊತ್ತಾಗದು. ಇನ್ಸುಲಿನ್ ಚುಚ್ಚಿಕೊಂಡ ಕೂಡಲೇ ಬಂದರೆ ಬಿಸಿಗೆ ಅದು ಬೇಗ ಹೀರಿಕೊಂಡು ಸಕ್ಕರೆ ಕುಸಿಯಬಹುದು. ನೋವಿನ ಔಷಧದ ಪ್ಯಾಚ್ ಅಂಟಿಸಿಕೊಂಡವರಿಗೂ ಇದೇ ಅಪಾಯ, ಔಷಧ ಒಮ್ಮೆಲೇ ಹೆಚ್ಚು ಇಳಿಯುತ್ತದೆ. ಪಾರ್ಟಿ ಮುಗಿಸಿ ಕುಡಿದು ಬಂದವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ, ಹೀಟರ್ ಆಫ್ ಮಾಡುತ್ತೇನೆ.